29, 18 ಅಂತ ಬರೆದೆ, ಹತ್ತಕ್ಕೆ ಮೂರೂವರೆ ಬಂತು

"ನಗರಸಭೆಗೂ ಗ್ರಾಮ ಪಂಚಾಯಿತಿಗೂ ಅಧಿಕಾರ ಮತ್ತು ಆದಾಯದಲ್ಲಿ ಇರುವ ವ್ಯತ್ಯಾಸ ವಿವರಿಸಿ." ಕೆಎಎಸ್ ಮುಖ್ಯ ಪರೀಕ್ಷೆಗೆ ಓದುವಾಗ ಈ ಪ್ರಶ್ನೆಗೆ ನಾನು ಬರೆದ ಮೊದಲ ಉತ್ತರ ಒಂದು ಕೋಷ್ಟಕ, ಅಷ್ಟೇ. ಎಡಗಡೆ 73ನೇ ತಿದ್ದುಪಡಿ, 11ನೇ ಅನುಸೂಚಿ, 29 ವಿಷಯ. ಬಲಗಡೆ 74ನೇ ತಿದ್ದುಪಡಿ, 12ನೇ ಅನುಸೂಚಿ, 18 ವಿಷಯ. ರೂಮಿನಲ್ಲಿ ಜೊತೆಗಿದ್ದ ಅಣ್ಣ ಒಬ್ಬರು ತಿದ್ದಿ, ಮೂರೂವರೆ ಹಾಕಿ ಕೇಳಿದರು: "29 ದೊಡ್ಡದಲ್ವಾ? ಹಂಗಾದ್ರೆ ನಿಮ್ಮೂರ ಪಂಚಾಯಿತಿಗೆ ನಗರಸಭೆಗಿಂತ ಜಾಸ್ತಿ ಅಧಿಕಾರ ಇದೆಯೇನೋ?"

ಉತ್ತರ ಹೊಳೆಯಲಿಲ್ಲ.

ಆಮೇಲೆ ಸಂವಿಧಾನ ತೆಗೆದು 243ಜಿ ಮತ್ತು 243ಡಬ್ಲ್ಯು ವಿಧಿಗಳನ್ನು ಪಕ್ಕಪಕ್ಕ ಇಟ್ಟು ಓದಿದೆ. ಎರಡೂ ಹೇಳುವುದು ಒಂದೇ, ರಾಜ್ಯ ಶಾಸಕಾಂಗ ಕಾನೂನು ಮಾಡಿ ಅಧಿಕಾರ ಕೊಡಬಹುದು. ಕೊಡಬೇಕು ಅಂತಿಲ್ಲ. ಅಂದರೆ ಅನುಸೂಚಿ ಬರೀ ಪಟ್ಟಿ. ನಿಜವಾದ ಅಧಿಕಾರ ಹುಡುಕಬೇಕಾದರೆ ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ, 1964ರ ಪೌರಸಭೆಗಳ ಕಾಯ್ದೆ ನೋಡಬೇಕು. 12ನೇ ಅನುಸೂಚಿಯ ಮೊದಲ ಸಾಲೇ ನಗರ ಯೋಜನೆ, ಆದರೆ ಇಲ್ಲಿ ಮಹಾಯೋಜನೆ ಮಾಡುವುದು 1961ರ ಬೇರೆಯದೇ ಕಾಯ್ದೆಯ ಕೆಳಗೆ ಬರುವ ಯೋಜನಾ ಪ್ರಾಧಿಕಾರ. ಆ ಕಡೆ 29 ವಿಷಯ ಅನ್ನುವುದೂ ಗ್ರಾಮ ಪಂಚಾಯಿತಿಗೆ ಒಂದಕ್ಕೇ ಬಂದದ್ದಲ್ಲ, ಮೇಲಿರುವ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳ ಜೊತೆ ಹಂಚಿಕೊಂಡದ್ದು. ನಗರಸಭೆಗೆ ಹೀಗೆ ಮೇಲೆ ಚುನಾಯಿತ ಹಂತ ಇಲ್ಲ, ನೇರ ರಾಜ್ಯ ಸರ್ಕಾರ. ಹಳ್ಳಿಯಲ್ಲಿ ಮಾತ್ರ ಗ್ರಾಮಸಭೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಕೂತು ಲೆಕ್ಕ ಕೇಳಬಹುದು.

ಆದಾಯದ ಭಾಗ ಮಾತ್ರ ಪುಸ್ತಕದಿಂದ ತಲೆಗೆ ಹೋಗಲೇ ಇಲ್ಲ. ಊರಿಗೆ ಹೋದಾಗ ನಮ್ಮ ಮನೆಯ ಕಂದಾಯದ ರಸೀದಿ ತೆಗೆದೆ, ತಿಪಟೂರಿನಲ್ಲಿರುವ ಚಿಕ್ಕಮ್ಮನ ಹತ್ತಿರ ನಗರಸಭೆಯ ರಸೀದಿ ಕೇಳಿ ಇಸ್ಕೊಂಡೆ. ಎರಡರಲ್ಲೂ ಗ್ರಂಥಾಲಯ ಕರ, ಭಿಕ್ಷುಕರ ಕರ ಇದ್ದವು. ತೆರಿಗೆ ಸಾವಿರ ರೂಪಾಯಿ ಅಂತಿಟ್ಟುಕೊಳ್ಳಿ, ಗ್ರಂಥಾಲಯ ಕರ ಶೇ. 6, ಅಂದರೆ 60 ರೂಪಾಯಿ. ಭಿಕ್ಷುಕರ ಕರ ಶೇ. 3, ಅಂದರೆ 30. ಈ 90 ರೂಪಾಯಿಯನ್ನು ಸ್ಥಳೀಯ ಸಂಸ್ಥೆ ವಸೂಲಿ ಮಾಡಿ ಬೇರೆಯವರಿಗೆ ಕಟ್ಟಬೇಕು. ಇದನ್ನು ಅವರ ಸ್ವಂತ ಆದಾಯ ಅಂತ ಬರೆದರೆ ತಪ್ಪಾಗುತ್ತದೆ.

ವ್ಯತ್ಯಾಸ ಇದ್ದದ್ದು ರಸೀದಿಯಲ್ಲಿ ಇಲ್ಲದ ಜಾಗದಲ್ಲಿ. ನಮಗೆ ಎರಡು ಎಕರೆ ತೆಂಗಿನ ತೋಟ ಇದೆ, ಊರಿನಲ್ಲಿ ಎಲ್ಲರ ಆಸ್ತಿಯೂ ಬಹುಪಾಲು ತೋಟವೇ. ಆದರೆ ಪಂಚಾಯಿತಿ ತೆರಿಗೆ ಹಾಕುವುದು ಕಟ್ಟಡಕ್ಕೆ ಮತ್ತು ವ್ಯವಸಾಯದ ಕಂದಾಯಕ್ಕೆ ಒಳಪಡದ ಜಮೀನಿಗೆ ಮಾತ್ರ, ಹಾಗಾಗಿ ಊರಿನ ದೊಡ್ಡ ಸಂಪತ್ತೇ ಅದರ ಕೈಗೆ ಸಿಗುವುದಿಲ್ಲ. ನಗರಸಭೆಗೆ ಈ ತೊಂದರೆ ಕಮ್ಮಿ. ಅಲ್ಲಿ ಆಸ್ತಿ ಅಂದರೆ ಮನೆ, ಅಂಗಡಿ, ನಿವೇಶನ. ತೆರಿಗೆ ಲೆಕ್ಕ ಮಾರ್ಗಸೂಚಿ ದರದ ಮೇಲೆ. ಜೊತೆಗೆ ವ್ಯಾಪಾರ ಪರವಾನಗಿ, ಕಟ್ಟಡ ಪರವಾನಗಿ ಶುಲ್ಕ, ಮಳಿಗೆಗಳ ಬಾಡಿಗೆ. ಇವು ಪಂಚಾಯಿತಿಗೂ ಇಲ್ಲ ಅಂತಲ್ಲ, ಆದರೆ ಹಳ್ಳಿಯಲ್ಲಿ ಎಷ್ಟು ಅಂಗಡಿ ಇರುತ್ತವೆ ಹೇಳಿ.

ಇದು ಗೊತ್ತಾದ ಮೇಲೆ ಹಣಕಾಸು ಆಯೋಗದ ಅಂಕಿಗೂ ಅರ್ಥ ಬಂತು. 15ನೇ ಆಯೋಗ 2021ರಿಂದ 26ರವರೆಗೆ ಹಳ್ಳಿ ಸಂಸ್ಥೆಗಳಿಗೆ 2,36,805 ಕೋಟಿ, ನಗರ ಸಂಸ್ಥೆಗಳಿಗೆ 1,21,055 ಕೋಟಿ ಶಿಫಾರಸು ಮಾಡಿತ್ತು. ಹಳ್ಳಿಯ ಈ ಹಣದಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು, ಬೇರೆಯದಕ್ಕೆ ಮುಟ್ಟುವಂತಿರಲಿಲ್ಲ. ನಗರದ ಅನುದಾನಕ್ಕೆ ಇದ್ದ ಷರತ್ತು ಬೇರೆ ತರದ್ದು: ಮೊದಲು ರಾಜ್ಯ ಆಸ್ತಿ ತೆರಿಗೆಯ ಕನಿಷ್ಠ ದರ ನಿಗದಿ ಮಾಡಬೇಕು. ನಗರದವರು ಸ್ವಂತ ದುಡಿಮೆ ಮಾಡಲಿ ಅನ್ನುವ ನಿರೀಕ್ಷೆ ಅದರಲ್ಲೇ ಕಾಣುತ್ತದೆ.

ಎರಡನೇ ಸಲ ಬರೆದಾಗ ಕೋಷ್ಟಕ ಬಿಟ್ಟೆ. "ಕೊಡಬಹುದು" ಅನ್ನುವ ಪದದಿಂದ ಶುರು ಮಾಡಿದೆ, ತೋಟದ ಉದಾಹರಣೆ ಹಾಕಿದೆ, ಆಯೋಗದ ಅಂಕಿ ಕೊನೆಗೆ. ಏಳು ಬಂತು. ಅರ್ಧ ಅಂಕ ಹೋದದ್ದು ವೃತ್ತಿ ತೆರಿಗೆಯಲ್ಲಿ. ಯಾವುದೋ ಗೈಡ್ ನೋಡಿ ಅದನ್ನು ನಗರಸಭೆಯ ಆದಾಯ ಅಂತ ಸೇರಿಸಿಬಿಟ್ಟಿದ್ದೆ. ತಮಿಳುನಾಡು, ಕೇರಳದಲ್ಲಿ ಅದು ಸ್ಥಳೀಯ ಸಂಸ್ಥೆಗೆ ಹೋಗುತ್ತದೆ. ನಮ್ಮಲ್ಲಿ 1976ರ ಕಾಯ್ದೆಯಂತೆ ರಾಜ್ಯ ಸರ್ಕಾರವೇ ವಸೂಲಿ ಮಾಡುತ್ತದೆ.