ಚೀನಾದ ಮಾತು ಫ್ಲೆಕ್ಸ್‌ಗೆ ಹೋಗಲಿಲ್ಲ

ಚಿಕ್ಕಮಗಳೂರಿನ ಒಂದು ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಮೀಲಾದ್‌ಗೆ ಫ್ಲೆಕ್ಸ್ ಮಾಡಿಸಲು ಹೊರಟ ಹುಡುಗರು ಒಂದು ಸಾಲು ತಂದರು: ‘ಚೀನಾದಲ್ಲಿದ್ದರೂ ಸರಿ, ವಿದ್ಯೆ ಹುಡುಕಿ, ವಿದ್ಯೆ ಕಲಿಯುವುದು ಪ್ರತಿ ಮುಸ್ಲಿಮನ ಕಡ್ಡಾಯ.’

“ಉಸ್ತಾದರೇ, ಪ್ರವಾದಿಯವರ ಮಾತಲ್ವಾ ಇದು?”

ನೋಡಿ ಹೇಳುತ್ತೇನೆ ಎಂದೆ. ಒಳ್ಳೆ ಮಾತು ತಾನೇ, ಹಾಕಿಬಿಡಿ ಅನ್ನುವವರು ಜಾಸ್ತಿ. ಆದರೆ ಕುರ್‌ಆನ್ ನಮಾಝ್ ಮಾಡಿ ಎನ್ನುತ್ತದೆ, ಯಾವ ಹೊತ್ತಿಗೆ ಎಷ್ಟು ರಕಅತ್ ಎಂದು ಎಣಿಸಿ ಹೇಳುವುದಿಲ್ಲ. ಝಕಾತ್ ಕೊಡಿ ಎನ್ನುತ್ತದೆ, ಬೆಳ್ಳಿಗೆ ನಲವತ್ತರಲ್ಲಿ ಒಂದು ಪಾಲು ಎಂಬ ಲೆಕ್ಕ ಹದೀಸಿನಿಂದ, ಅಂದರೆ ಪ್ರವಾದಿಯವರ ನುಡಿ-ನಡೆಗಳ ವರದಿಯಿಂದ ಬಂದದ್ದು. ಇಷ್ಟೆಲ್ಲ ಹದೀಸಿನ ಮೇಲೆ ನಿಂತಿರುವಾಗ ಪ್ರವಾದಿಯವರು ಹೇಳದ್ದನ್ನು ಅವರ ಹೆಸರಲ್ಲಿ ಬರೆಯಬಾರದು.

ನಾನು ಮೊದಲು ನೋಡುವುದು ಸನದ್. ಅಂದರೆ ಯಾರು ಯಾರಿಂದ ಕೇಳಿದರು ಎಂಬ ಹೆಸರುಗಳ ಸಾಲು. ಒಂದು ಹಾಳೆಯಲ್ಲಿ ಆ ಹೆಸರುಗಳನ್ನು ಕೆಳಗಿಂದ ಮೇಲಕ್ಕೆ ಬರೆಯುತ್ತೇನೆ. ಆಮೇಲೆ ವರದಿಗಾರರ ಚರಿತ್ರೆಯ ಪುಸ್ತಕಗಳಲ್ಲಿ ಒಬ್ಬೊಬ್ಬರನ್ನೂ ಹುಡುಕುತ್ತೇನೆ. ಹುಟ್ಟಿದ್ದು ಯಾವಾಗ, ತೀರಿಕೊಂಡದ್ದು ಯಾವಾಗ, ಇಬ್ಬರೂ ಭೇಟಿಯಾಗಿರಲು ಸಾಧ್ಯವಾ, ಸುಳ್ಳು ಹೇಳುವವನಾ, ನೆನಪು ಗಟ್ಟಿಯಿತ್ತಾ.

ಚೀನಾದ ಮಾತು ಪ್ರವಾದಿಯವರ ಸಂಗಾತಿ ಅನಸ್ ಬಿನ್ ಮಾಲಿಕ್‌ರಿಂದ ಬಂತು ಎನ್ನುವವನು ಅಬೂ ಆತಿಕಾ. ಅವನ ಹೆಸರಿನ ಮುಂದೆ ಇಮಾಮ್ ಬುಖಾರಿ ಬರೆದದ್ದು ‘ಮುನ್ಕರುಲ್ ಹದೀಸ್’, ಅಂದರೆ ಇವನ ವರದಿಗಳು ಒಪ್ಪುವಂಥವಲ್ಲ ಎಂದು. ಬುಖಾರಿಯವರ ಬಾಯಲ್ಲಿ ಇದು ತುಂಬಾ ಕಠಿಣ ಮಾತು. ಇಬ್ನು ಹಿಬ್ಬಾನ್ ಈ ವರದಿಗೆ ಬುಡವೇ ಇಲ್ಲ ಎಂದರು. ಇಬ್ನುಲ್ ಜೌಝಿ ಇದನ್ನು ಸುಳ್ಳಾಗಿ ಕಟ್ಟಿದ ಹದೀಸುಗಳ ಗ್ರಂಥಕ್ಕೆ ಸೇರಿಸಿದರು. ಬೈಹಕಿ ಸ್ವಲ್ಪ ಮೆದು: ಮಾತು ಪ್ರಸಿದ್ಧ, ಸನದ್ ದುರ್ಬಲ ಎಂದಷ್ಟೇ ಹೇಳಿದರು.

ಉಳಿದರ್ಧ, ‘ವಿದ್ಯೆ ಕಲಿಯುವುದು ಕಡ್ಡಾಯ’, ಇಬ್ನು ಮಾಜಾ ಎಂಬ ಹದೀಸ್ ಸಂಗ್ರಹದಲ್ಲಿದೆ. ಅಲ್ಲಿಯ ಸಾಲಿನಲ್ಲಿ ಹಫ್ಸ್ ಬಿನ್ ಸುಲೈಮಾನ್ ಇದ್ದಾರೆ. ನಮ್ಮ ಮಕ್ಕಳು ಕುರ್‌ಆನ್ ಓದುವುದು ಇದೇ ಹಫ್ಸ್‌ರ ಪಾಠದಂತೆ! ಓದಿನಲ್ಲಿ ಅವರು ಇಮಾಮ್, ಹದೀಸಿನಲ್ಲಿ ಮಾತ್ರ ಅವರ ವರದಿ ತೆಗೆದುಕೊಳ್ಳುವುದಿಲ್ಲ ಎಂದು ಇಬ್ನು ಹಜರ್ ಬರೆದಿದ್ದಾರೆ. ಎಷ್ಟೇ ದೊಡ್ಡ ಹೆಸರಿರಲಿ, ಈ ಶಾಸ್ತ್ರದಲ್ಲಿ ರಿಯಾಯಿತಿ ಇಲ್ಲ. ನನಗೆ ಇಷ್ಟವಾಗುವುದೇ ಅದು.

ಹಾಗಂತ ಆ ಮಾತು ಬಿದ್ದುಹೋಗಲಿಲ್ಲ. ಅದು ಬೇರೆ ಬೇರೆ ಸನದ್‌ಗಳಿಂದಲೂ ಬಂದಿದೆ. ಕೊರತೆ ಬರೀ ನೆನಪಿನದ್ದಾದರೆ, ಸಂಬಂಧವಿಲ್ಲದ ನಾಲ್ಕು ಜನ ಅದನ್ನೇ ಹೇಳಿದಾಗ ಮಾತಿಗೆ ಬಲ ಬರುತ್ತದೆ. ಸುಳ್ಳಿನ ಆರೋಪ ಇದ್ದವರು ಎಷ್ಟು ಜನ ಹೇಳಿದರೂ ಬಲ ಬರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ನೋಡಿದ ಅಲ್ ಮಿಝ್ಝಿ ಇದನ್ನು ‘ಹಸನ್’ ದರ್ಜೆಗೆ ಏರಿಸಿದರು. ಅಂದರೆ ಪೂರ್ತಿ ಗಟ್ಟಿಯಾದ ‘ಸಹೀಹ್‌’ಗಿಂತ ಒಂದು ಮೆಟ್ಟಿಲು ಕೆಳಗೆ, ಆದರೆ ಒಪ್ಪಬಹುದಾದದ್ದು. ಒಪ್ಪದ ವಿದ್ವಾಂಸರೂ ಇದ್ದಾರೆ.

ಹುಡುಗರಿಗೆ ಬೇಜಾರಾಯಿತು. ಚೀನಾ ಇದ್ದರೇ ಚೆನ್ನಾಗಿ ಕಾಣುತ್ತಿತ್ತಂತೆ. ಭಾಷಣದಲ್ಲಿ ಗಾದೆ ಅಂತ ಹೇಳಿ, ಪ್ರವಾದಿಯವರ ಹೆಸರು ಹಾಕಬೇಡಿ ಎಂದೆ. ಫ್ಲೆಕ್ಸ್‌ನಲ್ಲಿ ಮೇಲೆ ‘ರಬ್ಬಿ ಝಿದ್‌ನೀ ಇಲ್ಮಾ’ , ‘ಒಡೆಯನೇ, ನನ್ನ ಜ್ಞಾನ ಹೆಚ್ಚಿಸು’ ಎಂಬ ಕುರ್‌ಆನ್ ವಚನ ಬಂತು, ಕೆಳಗೆ ಇಬ್ನು ಮಾಜಾದ ಹೆಸರಿನೊಂದಿಗೆ ಆ ಉಳಿದರ್ಧ.