ನೋಟಿಸ್ ಪೇ ಕಟ್ಟದೆ ಎಂ.ಎಸ್ಸಿ ನರ್ಸಿಂಗ್‌ಗೆ ಹೊರಟಿದ್ದು

ಐಸಿಯುನಲ್ಲಿ ನನ್ನ ಜೊತೆಗಿದ್ದವರೆಲ್ಲ ಹೇಳಿದ್ದು ಒಂದೇ ಮಾತು. "ರಾಜೀನಾಮೆ ಪತ್ರ ಇಷ್ಟು ವಿನಯದಿಂದ ಬರೆದರೆ ಬಿಡೋದೇ ಇಲ್ಲ ಕಣೇ. ಸುಮ್ನೆ ಎರಡು ಸಾಲು ಮೇಲ್ ಹಾಕಿ ಹೋಗ್ತಾ ಇರು." ನಾನು ಹಾಗೆ ಮಾಡಲಿಲ್ಲ. ನೋಟಿಸ್ ಅವಧಿ ಪೂರೈಸದಿದ್ದರೆ ಕಟ್ಟಬೇಕಾದ ನೋಟಿಸ್ ಪೇ ಕಟ್ಟಲಿಲ್ಲ, ಆಸ್ಪತ್ರೆಯಲ್ಲಿದ್ದ ನನ್ನ ಮೂಲ ದಾಖಲೆಗಳು ಪೂರ್ತಿ ಕೈಗೆ ಬಂದವು, ಅನುಭವ ಪತ್ರವನ್ನು ಕಾಲೇಜಿನವರು ಮರುಮಾತಿಲ್ಲದೆ ತೆಗೆದುಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಸಾಲಿನ ಮೇಲ್ ಹಾಕಿ ಹೋದವಳನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ವಾರ್ಡಿನವಳೇ. ಹೇಳದೆ ಕೇಳದೆ ಹೋದಳು ಅಂತ ದಾಖಲೆಯಾಯಿತು, ಕೊನೆಯ ತಿಂಗಳ ಸಂಬಳ ನಿಂತಿತು. ಇಪ್ಪತ್ತು ಸಾವಿರದ ಮೇಲೆ ಹೋಯಿತು. ಅದಕ್ಕಿಂತ ದೊಡ್ಡ ಪೆಟ್ಟು ಅನುಭವ ಪತ್ರದ್ದು. ಬಿ.ಎಸ್ಸಿ ನರ್ಸಿಂಗ್ ಮುಗಿಸಿದವರಿಗೆ ಎಂ.ಎಸ್ಸಿ ಸೀಟು ಬೇಕಾದರೆ ಆಮೇಲೆ ಒಂದು ವರ್ಷವಾದರೂ ಕೆಲಸ ಮಾಡಿರಬೇಕು ಅಂತ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ ಇದೆಯಲ್ಲ. ಆ ಕಾಗದ ಕೊಡಬೇಕಾದವರು ಅದೇ ಆಸ್ಪತ್ರೆಯವರು. ಅವರ ಜೊತೆ ಜಗಳ ಆಡಿ ಹೋದರೆ ಕಾಲೇಜಿನಲ್ಲಿ ಏನು ತೋರಿಸೋದು?

ಇನ್ನೊಬ್ಬಳದ್ದು ಉಲ್ಟಾ ಕತೆ. ತುಂಬಾ ಒಳ್ಳೆಯ ಪತ್ರ, ಓದಿದರೆ ಕಣ್ಣು ತುಂಬುತ್ತದೆ. ಆದರೆ ಕೊನೆಯಲ್ಲಿ "ದಯವಿಟ್ಟು ಹೋಗಲು ಅನುಮತಿ ಕೊಡಬೇಕು" ಅಂತ ಬರೆದಿದ್ದಳು, ದಿನಾಂಕ ಹಾಕಿರಲಿಲ್ಲ. ಎಚ್‌ಆರ್ ನವರು "ಹೊಸ ಸ್ಟಾಫ್ ಬಂದ ಮೇಲೆ ನೋಡೋಣ" ಅಂದರು. ಕಾಲೇಜಿನ ಕೊನೆಯ ದಿನಾಂಕ ಮುಗಿದೇ ಹೋಯಿತು. ಮುಂಗಡ ಕಟ್ಟಿದ್ದ ಹದಿನೈದು ಸಾವಿರವೂ ಬರಲಿಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಕೃತಜ್ಞತೆ ಎಷ್ಟು ಬೇಕಾದರೂ ಇರಲಿ, ಹೋಗೋ ದಿನ ಮಾತ್ರ ನಾನೇ ಬರೆಯಬೇಕು. ಎರಡೂ ಒಂದೇ ಪತ್ರದಲ್ಲಿ ಕೂರುತ್ತವೆ. ನಮ್ಮದು ಟ್ರಸ್ಟ್ ಆಸ್ಪತ್ರೆ, ಆಡಳಿತದ ಕಾಗದಗಳು ಹೆಚ್ಚಾಗಿ ಕನ್ನಡದಲ್ಲೇ ಓಡಾಡುತ್ತವೆ. ನಾನೂ ಕನ್ನಡದಲ್ಲೇ ಬರೆದೆ. ಹೆಸರು, ವಿಳಾಸ ಬಿಟ್ಟು ಇಲ್ಲಿ ಹಾಕುತ್ತೇನೆ:

"ಇವರಿಗೆ: ವೈದ್ಯಕೀಯ ಅಧೀಕ್ಷಕರು. ಮೂಲಕ: ನರ್ಸಿಂಗ್ ಸೂಪರಿಂಟೆಂಡೆಂಟ್.

ವಿಷಯ: ಉನ್ನತ ವ್ಯಾಸಂಗಕ್ಕಾಗಿ ಶುಶ್ರೂಷಾಧಿಕಾರಿ ಹುದ್ದೆಗೆ ರಾಜೀನಾಮೆ.

ಮಾನ್ಯರೇ,

ತಮ್ಮ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಮೂರು ವರ್ಷಗಳಿಂದ ಸೇವೆ ಸಲ್ಲಿಸುತ್ತಿದ್ದೇನೆ. ನನಗೆ ಎಂ.ಎಸ್ಸಿ ನರ್ಸಿಂಗ್ ಕೋರ್ಸಿಗೆ ಪ್ರವೇಶ ದೊರೆತಿದ್ದು, ಪ್ರವೇಶ ಪತ್ರದ ಪ್ರತಿಯನ್ನು ಲಗತ್ತಿಸಿದ್ದೇನೆ. ಆದ್ದರಿಂದ ನನ್ನ ಹುದ್ದೆಗೆ ಈ ಮೂಲಕ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಆದೇಶದಂತೆ 30 ದಿನಗಳ ನೋಟಿಸ್ ಅವಧಿಯನ್ನು ಪೂರೈಸಿ, ನವೆಂಬರ್ 13ರಂದು ಕರ್ತವ್ಯದಿಂದ ಬಿಡುಗಡೆ ಹೊಂದಲಿದ್ದೇನೆ.

ವೆಂಟಿಲೇಟರ್‌ನಲ್ಲಿರುವ ರೋಗಿಗಳ ಆರೈಕೆಯನ್ನು ನಾನು ಕೈಯಾರೆ ಕಲಿತದ್ದು ಇಲ್ಲಿಯೇ. ಮುಂದೆ ಓದಬೇಕೆಂಬ ಧೈರ್ಯ ಬಂದದ್ದೂ ಈ ಘಟಕದಿಂದಲೇ. ಇದಕ್ಕಾಗಿ ತಮಗೂ, ಹಿರಿಯ ಶುಶ್ರೂಷಾಧಿಕಾರಿಗಳಿಗೂ, ವೈದ್ಯರಿಗೂ ನಾನು ಋಣಿ.

ಬಿಡುಗಡೆಯ ದಿನದೊಳಗೆ ನನ್ನ ಜವಾಬ್ದಾರಿಯ ದಾಸ್ತಾನು ಮತ್ತು ವಹಿಗಳನ್ನು ಹಸ್ತಾಂತರಿಸುತ್ತೇನೆ. ಬಿಡುಗಡೆ ಪತ್ರ, ಅನುಭವ ಪತ್ರ ಹಾಗೂ ನನ್ನ ಮೂಲ ದಾಖಲೆಗಳನ್ನು ಅಂದೇ ನೀಡಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ"

ಅಷ್ಟೇ. ಒಂದು ಪುಟ ತುಂಬಲಿಲ್ಲ. ರಾಜೀನಾಮೆ ಕೊಡುವ ಸಾಲಿನಲ್ಲಿ ವಿನಂತಿ ಇಲ್ಲ, ಕಾಗದ ಕೇಳುವ ಸಾಲಿನಲ್ಲಿ ಮಾತ್ರ ಇದೆ, ಗಮನಿಸಿ. ದಿನದ ಲೆಕ್ಕ ಹೀಗೆ: ಪತ್ರ ಕೊಟ್ಟಿದ್ದು ಅಕ್ಟೋಬರ್ 14. ಮರುದಿನದಿಂದ ಎಣಿಸಿದರೆ ಅಕ್ಟೋಬರ್‌ನಲ್ಲಿ 17 ದಿನ, ನವೆಂಬರ್‌ನಲ್ಲಿ 13. ಒಂದು ದಿನ ಕಡಿಮೆ ಬಿದ್ದರೂ ಅದಕ್ಕೆ ಸಂಬಳ ಹಿಡಿಯುತ್ತಾರೆ. ನೋಟಿಸ್ ಅವಧಿ ಎಷ್ಟು ಅಂತ ನಿಮ್ಮ ನೇಮಕಾತಿ ಆದೇಶದಲ್ಲಿ ನೋಡಿಕೊಳ್ಳಿ, ಕೆಲವು ಕಡೆ ಎರಡು ಮೂರು ತಿಂಗಳೂ ಇರುತ್ತದೆ. ಬಾಂಡ್ ಮುಗಿಯದವರಿಗೆ ಈ ಪತ್ರ ಒಂದೇ ಸಾಲದು. ನನ್ನದು ಆಗಲೇ ಮುಗಿದಿತ್ತು.

ಒಬ್ಬರ ಹೆಸರು ಹಿಡಿದು ಧನ್ಯವಾದ ಬರೆಯಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ಹೆಸರು ಹಾಕಿದರೆ ಇನ್ನೊಂದು ಶಿಫ್ಟಿನ ಅಕ್ಕನಿಗೆ ಬೇಜಾರು. "ಓದು ಮುಗಿಸಿ ಮತ್ತೆ ಇಲ್ಲಿಗೇ ಬರುತ್ತೇನೆ" ಅಂತಲೂ ಬರೆಯಲಿಲ್ಲ. ಆ ಸಾಲನ್ನು ಹಿಡಿದುಕೊಂಡು ಯಾರಾದರೂ ಇನ್ನೊಂದು ಬಾಂಡ್ ಮುಂದಿಟ್ಟರೆ?

ಪತ್ರವನ್ನು ನೇರ ಎಚ್‌ಆರ್‌ಗೆ ಕೊಡಬೇಡಿ. ನಾನು ಮೊದಲು ಸೂಪರಿಂಟೆಂಡೆಂಟ್ ಮೇಡಂಗೆ ಕೊಟ್ಟೆ. ಅವರು ಓದಿ, "ನಿಜವಾಗಲೂ ಓದೋಕಾ, ಬೇರೆ ಆಸ್ಪತ್ರೆಗಾ?" ಅಂತ ಕೇಳಿದರು. ಪ್ರವೇಶ ಪತ್ರದ ಪ್ರತಿ ಕೆಲಸಕ್ಕೆ ಬಂದದ್ದು ಅಲ್ಲೇ. ಅದು ಇಲ್ಲದಿದ್ದರೆ ಹೆಚ್ಚಿನ ಓದು ಅನ್ನೋದನ್ನು ಯಾರೂ ನಂಬಲ್ಲ, ಅಷ್ಟು ಜನ ಆ ನೆಪ ಹೇಳಿ ಪಕ್ಕದ ಆಸ್ಪತ್ರೆಗೆ ಹಾರಿದ್ದಾರೆ. ಮೇಡಂ ಸಹಿ ಆದ ಮೇಲೆ ಎರಡು ಪ್ರತಿ ಆಡಳಿತ ಕಚೇರಿಗೆ ಒಯ್ದು, ಒಂದರ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಅದೇ ದಿನ ಅದರ ಫೋಟೋ ಮೇಲ್ ಮಾಡಿದೆ. ಸೀಲು ಇಲ್ಲದ ಪ್ರತಿ ಬರೀ ಕಾಗದ.

ನಿಜವಾದ ಕಷ್ಟ ಕೊನೆಯ ವಾರದಲ್ಲಿ. ಡ್ಯೂಟಿ ಲಿಸ್ಟ್‌ನಲ್ಲಿ ನನಗೆ ನೈಟ್ ಬಿದ್ದಿತ್ತು. ನೈಟ್ ಡ್ಯೂಟಿಯಲ್ಲಿ ಇದ್ದವಳು ಬಾಕಿ ಏನೂ ಇಲ್ಲ ಅನ್ನೋ ನೋ ಡ್ಯೂ ಸಹಿ ಹಾಕಿಸೋದು ಹೇಗೆ? ಫಾರ್ಮಸಿ, ಸ್ಟೋರ್, ಲೈಬ್ರರಿ, ಹಾಸ್ಟೆಲ್, ಅಕೌಂಟ್ಸ್, ಎಲ್ಲಾ ಹಗಲು ಹೊತ್ತಿನ ಕಚೇರಿಗಳು. ಇನ್ನೊಂದು ತೊಡಕು, 13ರ ನೈಟ್ ಮುಗಿಯೋದು 14ರ ಬೆಳಗ್ಗೆ. ಕೊನೆಯ ದಿನ ಯಾವುದು ಅಂತ ಹಾಜರಿ ಪುಸ್ತಕದಲ್ಲೇ ಗೊಂದಲ ಆಗುತ್ತದೆ. ಮಾರ್ನಿಂಗ್‌ಗೆ ಬದಲಾಯಿಸಿಕೊಂಡೆ. ಹೇಗೆ ಬದಲಾಯಿಸಿಕೊಂಡೆ ಅನ್ನೋದು ನನಗೂ ಇನ್‌ಚಾರ್ಜ್ ಸಿಸ್ಟರ್‌ಗೂ ಬಿಟ್ಟದ್ದು, ಇಲ್ಲಿ ಬರೆಯಲ್ಲ.

ದಾಸ್ತಾನಿನಲ್ಲೂ ದುಡ್ಡು ಹೋಗುತ್ತದೆ. ಆಕ್ಸಿಜನ್ ಫ್ಲೋಮೀಟರ್ ಒಂದು ಲೆಕ್ಕಕ್ಕೆ ಸಿಗಲಿಲ್ಲ. ಹಿಡಿದಿದ್ದರೆ ಸಾವಿರ ರೂಪಾಯಿ ಮೇಲೆ ಹೋಗುತ್ತಿತ್ತು. ಹುಡುಕಿದರೆ ಡಯಾಲಿಸಿಸ್ ಕಡೆ ಎರವಲು ಹೋಗಿತ್ತು, ವಹಿಯಲ್ಲಿ ನಮೂದಾಗಿರಲಿಲ್ಲ. ಆಮೇಲೆ ಕ್ರ್ಯಾಶ್ ಕಾರ್ಟ್, ನಾರ್ಕೋಟಿಕ್ ರಿಜಿಸ್ಟರ್, ಬೀಗದ ಕೈ ಎಲ್ಲವನ್ನೂ ಒಂದೊಂದಾಗಿ ಎಣಿಸಿ, ತೆಗೆದುಕೊಂಡವರ ಸಹಿ ಹಾಕಿಸಿ, ಆ ಪುಟದ ಫೋಟೋ ಇಟ್ಟುಕೊಂಡೆ.

ಅನುಭವ ಪತ್ರದ ಕರಡನ್ನು ನಾನೇ ಟೈಪ್ ಮಾಡಿ ಕೊಟ್ಟೆ. ಸೇರಿದ ತಾರೀಖು, ಬಿಟ್ಟ ತಾರೀಖು, ಪೂರ್ಣಾವಧಿ ಅನ್ನೋದು, ಘಟಕದ ಹೆಸರು, ಆಸ್ಪತ್ರೆಯ ಹಾಸಿಗೆ ಸಂಖ್ಯೆ. ಗುಮಾಸ್ತರ ಕೆಲಸ ಕಡಿಮೆಯಾಯಿತು, ಖುಷಿಯಾದರು. ಅವರ ಮಾಮೂಲಿ ನಮೂನೆಯಲ್ಲಿ "ನಡತೆ ಉತ್ತಮ" ಅಂತ ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಇದೇ ಪತ್ರವನ್ನು ಲ್ಯಾಬ್ ಟೆಕ್ನಿಷಿಯನ್ ಗೆಳೆಯನಿಗೂ ಕೊಟ್ಟು ನೋಡಿದೆ. ಅವನದ್ದು ದೊಡ್ಡ ಕಾರ್ಪೊರೇಟ್ ಆಸ್ಪತ್ರೆ. ಅಲ್ಲಿ ಪೋರ್ಟಲ್‌ನಲ್ಲೇ ರಾಜೀನಾಮೆ, ಕಾರಣವನ್ನು ಪಟ್ಟಿಯಿಂದ ಆರಿಸಬೇಕು. ಕನ್ನಡದ ಪತ್ರ ಅಲ್ಲಿ ನಡೆಯಲಿಲ್ಲ, ಇಂಗ್ಲಿಷಿಗೆ ತಿರುಗಿಸಿ ಲಗತ್ತಿಸಿದ. ದಿನಾಂಕದ ಸಾಲು ಮಾತ್ರ ಅಲ್ಲೂ ಕೆಲಸ ಮಾಡಿತು.

ಕೊನೆಯ ಸಂಬಳ ಇಪ್ಪತ್ತಮೂರು ಸಾವಿರದ ಹತ್ತಿರ. ಒಂದೂವರೆ ತಿಂಗಳು ಬಿಟ್ಟು ಬಂತು, ಐಡಿ ಕಾರ್ಡಿನ ದಾರ ಕಳೆದದ್ದಕ್ಕೆ ನೂರೋ ಇನ್ನೂರೋ ಹಿಡಿದಿದ್ದರು. ಹಾಗಾಗಿ ಹಾಸ್ಟೆಲ್ ಮುಂಗಡವನ್ನು ಆ ದುಡ್ಡಿನ ಮೇಲೆ ನಂಬಿಕೊಂಡು ಇಡಬೇಡಿ, ಬೇರೆ ತೆಗೆದಿಡಿ.