ಹಳೆಯ ಸೆನ್ಸೆಕ್ಸ್ ನಕ್ಷೆ: ಯಾವ ಅಳತೆಯಲ್ಲಿ ಓದಬೇಕು?

‘2020ರ ಮಾರ್ಚ್ 23ರ ಕುಸಿತಕ್ಕಿಂತ 2024ರ ಜೂನ್ 4ರದೇ ದೊಡ್ಡದು’ ಎಂದು ಗೆಳೆಯರೊಬ್ಬರು ನಕ್ಷೆ ಮುಂದಿಟ್ಟು ವಾದಿಸಿದರು. ಅಂಶಗಳ ಲೆಕ್ಕದಲ್ಲಿ ಅದು ನಿಜ: ಜೂನ್‌ನಲ್ಲಿ 4,390, ಮಾರ್ಚ್‌ನಲ್ಲಿ 3,935. ಆದರೆ ಹೂಡಿಕೆದಾರ ಕಳೆದುಕೊಂಡದ್ದು ಜೂನ್‌ನಲ್ಲಿ ಶೇ 5.7, ಮಾರ್ಚ್‌ನಲ್ಲಿ ಶೇ 13. ಅವರನ್ನು ದಾರಿ ತಪ್ಪಿಸಿದ್ದು ನಕ್ಷೆಯ ನೇರ ಅಳತೆ, ಅಂದರೆ ಪ್ರತಿ ಅಂಶಕ್ಕೂ ಒಂದೇ ಎತ್ತರ ಕೊಡುವ ಅಳತೆ.

ಮೊದಲು ದಿನಾಂಕ ಮತ್ತು ಮುಕ್ತಾಯದ ಅಂಕಿಗಳನ್ನು ಎಕ್ಸೆಲ್‌ನಲ್ಲಿ ಎರಡು ಕಾಲಂಗಳಲ್ಲಿ ತುಂಬಿ ಗೆರೆ ನಕ್ಷೆ ಮಾಡಿ. 1979ರಲ್ಲಿ 100ರಿಂದ ಹೊರಟ ಸೂಚ್ಯಂಕವನ್ನು 80,000ದವರೆಗೆ, 20 ಸೆಂ.ಮೀ. ಎತ್ತರದ ಹಾಳೆಯಲ್ಲಿ ಬರೆದಿದ್ದೀರಿ ಎನ್ನಿ. 1992ರ ಏಪ್ರಿಲ್ 28ರಂದು ಒಂದೇ ದಿನ 570 ಅಂಶ, ಅಂದರೆ ಶೇ 12.77 ಕೊಚ್ಚಿಹೋಯಿತು. ಹಾಳೆಯ ಮೇಲೆ ಅದು ಒಂದೂವರೆ ಮಿಲಿಮೀಟರ್ ಕೂಡ ಇಲ್ಲ.

ಈಗ ಲಂಬ ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ `Format Axis` ತೆರೆದು `Logarithmic scale` ಗುರುತು ಹಾಕಿ. ಈ ಲಾಗ್ ಅಳತೆಯಲ್ಲಿ ಒಂದೇ ಶೇಕಡಾ ಏರಿಳಿತಕ್ಕೆ ಎಲ್ಲಿದ್ದರೂ ಒಂದೇ ಎತ್ತರ. ಎಡವುವುದು ಇಲ್ಲಿಯೇ. `Base` 10 ಎಂದೇ ಬಿಟ್ಟರೆ 100, 1,000, 10,000 ಎಂಬ ಗೆರೆಗಳು ಬೀಳುತ್ತವೆ, ನಡುವಿನದನ್ನು ಓದಲು ಯಾರಿಗೂ ಆಗದು. ಅದನ್ನು 2 ಮಾಡಿ, `Minimum` 64 ಎಂದೂ `Maximum` 131072 ಎಂದೂ ಇಡಿ. ಈಗ ಒಂದೊಂದು ಗೆರೆಯೂ ಕೆಳಗಿನದರ ದುಪ್ಪಟ್ಟು, ಒಟ್ಟು ಹನ್ನೊಂದು ಮನೆ. ಹಣ ಎಷ್ಟು ಬಾರಿ ಇಮ್ಮಡಿಯಾಯಿತು ಎಂದು ಮನೆ ಎಣಿಸಿಯೇ ಹೇಳಬಹುದು. ಆದರೆ 16,384 ಮತ್ತು 32,768ರ ನಟ್ಟನಡುವೆ ಇರುವುದು 24,576 ಅಲ್ಲ, ಸುಮಾರು 23,170. ಅಡ್ಡಗೆರೆಗಳಿಲ್ಲದ ಲಾಗ್ ನಕ್ಷೆಯನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಅಳತೆ ಬದಲಿಸುವ ಸೌಲಭ್ಯವೇ ಇಲ್ಲದ ಮೊಬೈಲ್ ಆ್ಯಪ್‌ಗಳು ಇಪ್ಪತ್ತು ವರ್ಷದ ನಕ್ಷೆಗೆ ನಿರುಪಯೋಗಿ.

ಲಾಗ್ ಅಳತೆಯೂ ಮೋಸ ಮಾಡುತ್ತದೆ. 2020ರ ಜನವರಿಯ ಶಿಖರದಿಂದ ಮಾರ್ಚ್ 23ರವರೆಗೆ ಸೆನ್ಸೆಕ್ಸ್ ಶೇ 38 ಇಳಿಯಿತು. ಅದೇ ಹಾಳೆಯಲ್ಲಿ ಆ ಇಳಿತ 13 ಮಿ.ಮೀ. ಮಾತ್ರ, ಹನ್ನೊಂದು ಮನೆಗಳ ನಡುವೆ ಸಣ್ಣ ತಗ್ಗು. ಆಗಷ್ಟೇ ನಿವೃತ್ತಿಯ ಹತ್ತು ಲಕ್ಷ ಹಾಕಿದವರ ಕೈಯಲ್ಲಿ ಉಳಿದದ್ದು 6.2 ಲಕ್ಷ. ‘ದೀರ್ಘಾವಧಿಯಲ್ಲಿ ಏನೂ ಆಗುವುದಿಲ್ಲ’ ಎನ್ನುವವರು ಇದೇ ನಕ್ಷೆಯನ್ನು ತೋರಿಸುತ್ತಾರೆ.

ಇನ್ನೊಂದು ಅಪಾಯ ಪೆನ್ಸಿಲ್‌ನದು. ಲಾಗ್ ನಕ್ಷೆಯಲ್ಲಿ ನೇರ ಗೆರೆ ಎಂದರೆ ಒಂದೇ ಶೇಕಡಾ ದರದ ಬೆಳವಣಿಗೆ, ಹಾಗಾಗಿ ಅದನ್ನು ಮುಂದಕ್ಕೆ ಎಳೆಯುವ ಚಪಲ ಹುಟ್ಟುತ್ತದೆ. ಗೆರೆಯ ತುದಿ ಅರ್ಧ ಸೆಂ.ಮೀ. ಮೇಲಕ್ಕೆ ಸರಿದರೆ ಉತ್ತರ ಶೇ 21 ಬದಲಾಗುತ್ತದೆ. 80,000ದ ಮಟ್ಟದಲ್ಲಿ ಅದು 17,000 ಅಂಶ. ಎಳೆಯಲೇಬೇಕಿದ್ದರೆ ಆ ತುದಿಯ ಅಂಕಿಯನ್ನು ಪಕ್ಕದಲ್ಲಿ ಬರೆದಿಡಿ.

ಬೆಲೆ ಇಮ್ಮಡಿಯೂ ಆಗದ ಒಂದೆರಡು ವರ್ಷದ ನಕ್ಷೆಗೆ ನೇರ ಅಳತೆಯೇ ಸಾಕು. ಸೊನ್ನೆಗಿಂತ ಕೆಳಗಿಳಿಯುವ ಬೆಲೆಗೆ ಲಾಗ್ ಅಳತೆ ಆಗುವುದೇ ಇಲ್ಲ: 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ ಮೈನಸ್ 37.63 ಡಾಲರ್‌ಗೆ ಮುಗಿದಿತ್ತು. ಅದನ್ನು ಗುರುತಿಸಲು ಲಾಗ್ ಹಾಳೆಯಲ್ಲಿ ಜಾಗವೇ ಇಲ್ಲ.